ಕಾದಿರಿಸಿದ ಸೀಟು ಖಾಲಿಯಾಗುವ ಗಳಿಗೆ: ಕಾಲೇಜು ವಾಚನ ಕೊಠಡಿಯ ಚೆಕ್-ಇನ್ ಗಡುವಿನ ಬಗ್ಗೆ ಒಂದು ಟಿಪ್ಪಣಿ

1. ಪ್ರಶ್ನೆ

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಗ್ರಂಥಾಲಯದ ವಾಚನ ಕೊಠಡಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದೊಡನೆ ಮೇಜಿನ ಮೇಲೆ ಒಂದು ನೋಟ್‌ಬುಕ್ಕೋ ನೀರಿನ ಬಾಟಲಿಯೋ ಇಟ್ಟು ತರಗತಿಗೆ ಹೋಗಿಬಿಡುವ ರೂಢಿ ಹಲವು ಕಡೆ ಇದೆ. ಇದನ್ನು ತಪ್ಪಿಸಲೆಂದು ಮೊಬೈಲಿನಲ್ಲೇ ಸೀಟು ಕಾದಿರಿಸುವ ವ್ಯವಸ್ಥೆಯನ್ನು ಕಾಲೇಜು ತರುತ್ತದೆ. ಸ್ವಲ್ಪ ದಿನದಲ್ಲೇ ಹಳೆಯ ಸಮಸ್ಯೆ ಹೊಸ ರೂಪದಲ್ಲಿ ಎದುರಾಗುತ್ತದೆ. ಬುಕ್ ಮಾಡಿದವರು ಬರುವುದಿಲ್ಲ. ಬಾಗಿಲ ಬಳಿ ನಿಂತವರ ಮೊಬೈಲಿನಲ್ಲಿ ಎಲ್ಲ ಸೀಟೂ ಭರ್ತಿ ಎಂದು ಕಾಣುತ್ತದೆ. ಕೊಠಡಿಯೊಳಗೆ ಕಣ್ಣಾಡಿಸಿದರೆ ಕುರ್ಚಿಗಳು ಖಾಲಿ ಇರುತ್ತವೆ.

ಇದಕ್ಕೆ ಎಲ್ಲರೂ ಹುಡುಕಿಕೊಳ್ಳುವ ಪರಿಹಾರ ಚೆಕ್-ಇನ್ ಗಡುವು. ಅವಧಿ ಶುರುವಾದ ಇಷ್ಟು ನಿಮಿಷದೊಳಗೆ ಬಂದು ಹಾಜರಿ ಹಾಕದಿದ್ದರೆ ಸೀಟು ತಾನಾಗಿ ಬಿಡುಗಡೆಯಾಗುತ್ತದೆ. ನಿಯಮ ಸರಳವಾಗಿ ಕಾಣುತ್ತದೆ, ಆದರೆ ಅದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಎಷ್ಟು ನಿಮಿಷ ಕಾಯಬೇಕು ಎಂಬುದು ಮೊದಲನೆಯದು. ಆ ನಿಮಿಷಗಳು ಮುಗಿದಾಗ ಬಿಡುಗಡೆ ಎಂಬ ಕೆಲಸ ನಿಜವಾಗಿ ಯಾವ ಗಳಿಗೆಯಲ್ಲಿ ನಡೆಯಬೇಕು ಎಂಬುದು ಎರಡನೆಯದು. ಮೊದಲನೆಯದನ್ನು ಸಾಮಾನ್ಯವಾಗಿ ಗ್ರಂಥಾಲಯ ಸಮಿತಿ ಅಂದಾಜಿನಲ್ಲಿ ತೀರ್ಮಾನಿಸುತ್ತದೆ, ಎರಡನೆಯದು ತಂತ್ರಾಂಶ ಬರೆಯುವವರ ಪಾಲಿಗೆ ಬೀಳುತ್ತದೆ. ಎರಡಕ್ಕೂ ಒಂದೇ ಕಡೆಯಿಂದ ಉತ್ತರ ದೊರೆಯುತ್ತದೆ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಗಡುವು ಮೀರಿದ ಸೀಟನ್ನು ಗಡಿಯಾರ ಬಿಡಿಸಬಾರದು. ಅದನ್ನು ಕೇಳಿ ಬಂದ ಮುಂದಿನ ಓದುಗರು ಬಿಡಿಸಬೇಕು ಎಂಬುದು ನನ್ನ ವಾದ.

2. ಎಷ್ಟು ನಿಮಿಷ ಕಾಯಬೇಕು

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗಿನ ಅವಧಿಗೆ ಒಟ್ಟು 100 ಬುಕಿಂಗ್ ಆಗಿವೆ. ಅವರಲ್ಲಿ 75 ಜನ ಯಾವಾಗಲಾದರೂ ಬರುತ್ತಾರೆ, 25 ಜನ ಬರುವುದೇ ಇಲ್ಲ. ಬರುವವರಲ್ಲಿ 45 ಜನ ಮೊದಲ 5 ನಿಮಿಷದೊಳಗೆ ಬಂದಿರುತ್ತಾರೆ. 10 ನಿಮಿಷಕ್ಕೆ ಅವರ ಸಂಖ್ಯೆ 60 ಆಗುತ್ತದೆ, 15ಕ್ಕೆ 68, 20ಕ್ಕೆ 72, 30ಕ್ಕೆ 74. ಕೊನೆಯ ಒಬ್ಬರು ಇನ್ನೂ ತಡವಾಗಿ ಬರುತ್ತಾರೆ.

ಗಡುವನ್ನು ನಿರ್ಧರಿಸುವಾಗ ಕೇಳಬೇಕಾದ ಪ್ರಶ್ನೆ ಇದು: ಈ ಹೊತ್ತಿಗೆ ಇನ್ನೂ ಬರದವರಲ್ಲಿ ಮುಂದೆ ಬರುವವರು ಎಷ್ಟು ಜನ? 10ನೇ ನಿಮಿಷದಲ್ಲಿ 40 ಜನ ಬಂದಿಲ್ಲ, ಅವರಲ್ಲಿ 15 ಜನ ಇನ್ನೂ ಬರುವವರು. 15ನೇ ನಿಮಿಷದಲ್ಲಿ 32ರಲ್ಲಿ 7 ಜನ. 20ನೇ ನಿಮಿಷದಲ್ಲಿ 28ರಲ್ಲಿ ಬರೀ 3 ಜನ. ಹೊತ್ತು ಕಳೆದಂತೆ, ಖಾಲಿ ಕುರ್ಚಿಯೊಂದು ಯಾರದೋ ದಾರಿ ಕಾಯುತ್ತಿದೆ ಎಂಬ ನಂಬಿಕೆಗೆ ಆಧಾರ ಕಡಿಮೆಯಾಗುತ್ತಾ ಹೋಗುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಬಹುದು. ಗಡುವನ್ನು 10ರಿಂದ 15 ನಿಮಿಷಕ್ಕೆ ಹಿಗ್ಗಿಸಿದರೆ 8 ಜನರ ಸೀಟು ಉಳಿಯುತ್ತದೆ. ಅದಕ್ಕಾಗಿ ಸರಾಸರಿ 36 ಕುರ್ಚಿಗಳು ಇನ್ನೂ 5 ನಿಮಿಷ ಖಾಲಿ ಇರಬೇಕಾಗುತ್ತದೆ, ಅಂದರೆ 180 ಸೀಟು-ನಿಮಿಷ. ಉಳಿಸಿದ ಒಬ್ಬೊಬ್ಬರಿಗೂ ಸುಮಾರು 22 ನಿಮಿಷದ ವೆಚ್ಚ. 15ರಿಂದ 20ಕ್ಕೆ ಹಿಗ್ಗಿಸಿದರೆ 150 ಸೀಟು-ನಿಮಿಷಕ್ಕೆ 4 ಜನ ಉಳಿಯುತ್ತಾರೆ, ತಲೆಗೆ ಸುಮಾರು 37 ನಿಮಿಷ. 20ರಿಂದ 30ಕ್ಕೆ ಹೋದರೆ 270 ಸೀಟು-ನಿಮಿಷಕ್ಕೆ ಉಳಿಯುವವರು ಇಬ್ಬರೇ. ತಲೆಗೆ 135 ನಿಮಿಷ. ವೆಚ್ಚ ಒಮ್ಮೆಗೇ ಮೇಲೇರುವ ತಿರುವು ಎಲ್ಲಿದೆಯೋ ಅಲ್ಲಿಯೇ ಗಡುವು ನಿಲ್ಲಬೇಕು. ಈ ಉದಾಹರಣೆಯಲ್ಲಿ ಅದು 15ರಿಂದ 20 ನಿಮಿಷದ ನಡುವೆ ಬೀಳುತ್ತದೆ.

ಈ ಅಂಕಿಗಳನ್ನು ಬೇರೆ ಕಾಲೇಜಿಗೆ ಎತ್ತಿಕೊಂಡು ಹೋಗುವಂತಿಲ್ಲ, ವಿಧಾನವನ್ನು ಮಾತ್ರ ಒಯ್ಯಬಹುದು. ಹಾಸ್ಟೆಲಿನವರೇ ಹೆಚ್ಚಿರುವ ಕಾಲೇಜಿನಲ್ಲಿ ತಿರುವು ಬೇಗ ಬರುತ್ತದೆ. ಊರಿಂದೂರಿಗೆ ಬಸ್ಸಿನಲ್ಲಿ ಓಡಾಡುವವರು ಹೆಚ್ಚಿದ್ದರೆ ಮೊದಲ ಅವಧಿಯ ಲೆಕ್ಕವೇ ಬೇರೆ. ಅಲ್ಲಿ ತಡವಾಗುವುದು ಒಬ್ಬೊಬ್ಬರಿಗಲ್ಲ, ಒಂದು ಬಸ್ಸು ತಡವಾದರೆ ಹತ್ತಿಪ್ಪತ್ತು ಜನ ಒಟ್ಟಿಗೇ ತಡವಾಗುತ್ತಾರೆ. ಅಂಥ ದಿನ ಸರಾಸರಿಯನ್ನು ನಂಬಿ ಇಟ್ಟ ಗಡುವು ಅವರೆಲ್ಲರ ಸೀಟನ್ನೂ ಒಂದೇ ನಿಮಿಷದಲ್ಲಿ ಕಿತ್ತುಕೊಳ್ಳುತ್ತದೆ. ಆದ್ದರಿಂದ ಇಡೀ ದಿನಕ್ಕೆ ಒಂದೇ ಗಡುವು ಇಡುವ ಬದಲು ಬೆಳಗಿನ ಅವಧಿಗೂ ಮಧ್ಯಾಹ್ನದ ಅವಧಿಗೂ ಬೇರೆ ಬೇರೆ ಲೆಕ್ಕ ಹಾಕುವುದು ಸರಿ.

ಲೆಕ್ಕಕ್ಕೆ ಬೇಕಾದ ಮಾಹಿತಿ ಸಂಗ್ರಹಿಸುವಾಗ ಒಂದು ಎಚ್ಚರ ಬೇಕು. 15 ನಿಮಿಷಕ್ಕೆ ಸೀಟು ಬಿಡುಗಡೆಯಾಗುವ ವ್ಯವಸ್ಥೆ ಒಮ್ಮೆ ಜಾರಿಗೆ ಬಂದರೆ 15ನೇ ನಿಮಿಷದ ನಂತರದ ಕಥೆ ದಾಖಲೆಯಲ್ಲಿ ಉಳಿಯುವುದಿಲ್ಲ. 18ನೇ ನಿಮಿಷಕ್ಕೆ ಬಂದವರೂ ಬಾರದೇ ಹೋದವರೂ ಪಟ್ಟಿಯಲ್ಲಿ ಒಂದೇ ರೀತಿ ‘ಗೈರು’ ಎಂದು ಸೇರುತ್ತಾರೆ. ತಿಂಗಳ ಕೊನೆಯಲ್ಲಿ ಪಟ್ಟಿ ನೋಡಿದ ಸಮಿತಿಗೆ ಬುಕ್ ಮಾಡಿ ಬಾರದವರು ಬಹಳ ಎಂದು ಕಾಣುತ್ತದೆ, ಗಡುವನ್ನು ಇನ್ನೂ ಬಿಗಿ ಮಾಡುವ ಮನಸ್ಸಾಗುತ್ತದೆ. ಆ ಬಿಗಿ ಇನ್ನಷ್ಟು ಗೈರುಗಳನ್ನು ತಾನೇ ಹುಟ್ಟಿಸುತ್ತದೆ. ಇದರಿಂದ ಪಾರಾಗಲು ಎರಡು ದಾರಿಗಳಿವೆ. ಮೊದಲ ಕೆಲವು ವಾರ ಬಿಡುಗಡೆ ಇಲ್ಲದೆ ಬರೀ ಬಂದ ಹೊತ್ತನ್ನು ದಾಖಲಿಸುವುದು ಒಂದು. ಗಡುವು ಮೀರಿ ಬಂದು ಸ್ಕ್ಯಾನ್ ಮಾಡಿದವರ ಪ್ರಯತ್ನವನ್ನೂ, ಸೀಟು ಸಿಗದಿದ್ದರೂ ಸರಿ, ಸಮಯದ ಸಮೇತ ಬರೆದಿಡುವುದು ಇನ್ನೊಂದು.

3. ಗಡುವು ಎಲ್ಲಿಂದ ಎಣಿಕೆಯಾಗುತ್ತದೆ

ಬಿಡುಗಡೆಯ ವಿಷಯಕ್ಕೆ ಹೋಗುವ ಮುನ್ನ ಒಂದು ಸಣ್ಣ ಆದರೆ ಪದೇ ಪದೇ ಕಾಣುವ ದೋಷವನ್ನು ಹೇಳಬೇಕು. ಗಡುವನ್ನು ಅವಧಿಯ ಆರಂಭದಿಂದಲೇ ಎಣಿಸಿದರೆ, 10 ಗಂಟೆಯ ಅವಧಿಗೆ 10:13ಕ್ಕೆ ಬುಕ್ ಮಾಡಿದವರಿಗೆ ಸಿಗುವುದು ಎರಡೇ ನಿಮಿಷ. 10:20ಕ್ಕೆ ಬುಕ್ ಮಾಡಿದವರ ಸೀಟು ಬುಕ್ ಆದ ಗಳಿಗೆಯಲ್ಲೇ ಗಡುವು ಮೀರಿರುತ್ತದೆ. ಬುಕಿಂಗ್ ಯಶಸ್ವಿ ಎಂಬ ಸಂದೇಶವೂ ಸೀಟು ರದ್ದಾಯಿತು ಎಂಬ ಸಂದೇಶವೂ ಬೆನ್ನುಬೆನ್ನಿಗೆ ಬಂದವೆಂಬ ದೂರು ಕೇಳಿಬಂದರೆ ಕಾರಣ ಇದೇ ಇರಬಹುದೆಂದು ಮೊದಲು ನೋಡಬೇಕು. ಅವಧಿ ಶುರುವಾದ ಹೊತ್ತು ಮತ್ತು ಬುಕ್ ಮಾಡಿದ ಹೊತ್ತು, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಎಣಿಸಬೇಕು. ಯಾವುದೋ ದಿನ ಗ್ರಂಥಾಲಯದ ಬಾಗಿಲೇ ತಡವಾಗಿ ತೆರೆದರೆ ಆ ಹೊತ್ತನ್ನೂ ಇದಕ್ಕೆ ಸೇರಿಸಬೇಕು. ಆ ವ್ಯತ್ಯಾಸವನ್ನು ದಾಖಲಿಸುವ ಅಧಿಕಾರ ಗ್ರಂಥಪಾಲಕರ ಪರದೆಯಲ್ಲೇ ಇರಬೇಕು.

4. ಗಡಿಯಾರ ಬಿಡಿಸುವ ಸೀಟು

ಈಗ ಬಿಡುಗಡೆಯ ಕೆಲಸಕ್ಕೆ ಬರೋಣ. ಸಾಮಾನ್ಯವಾಗಿ ಮಾಡುವುದು ಹೀಗೆ: ಪ್ರತಿ 5 ನಿಮಿಷಕ್ಕೊಮ್ಮೆ ಸರ್ವರ್‌ನಲ್ಲಿ ಒಂದು ಸಣ್ಣ ಕಾರ್ಯಕ್ರಮ ಎದ್ದು, ಗಡುವು ಮೀರಿದ ಬುಕಿಂಗ್‌ಗಳನ್ನೆಲ್ಲ ಹುಡುಕಿ, ‘ಬಿಡುಗಡೆ’ ಎಂದು ಗುರುತಿಸಿ ಮಲಗುತ್ತದೆ. ಇದರಲ್ಲಿ ತೊಂದರೆ ಎಲ್ಲಿ ಹುಟ್ಟುತ್ತದೆ ಎಂದು ನೋಡಲು 27ನೇ ಸೀಟನ್ನು ಹಿಂಬಾಲಿಸೋಣ.

ಹಿಂದಿನ ರಾತ್ರಿ ಒಬ್ಬ ವಿದ್ಯಾರ್ಥಿನಿ ಈ ಸೀಟನ್ನು 10ರಿಂದ 1ರವರೆಗೆ ಕಾದಿರಿಸಿದ್ದಾಳೆ. ಇವಳನ್ನು ಮೊದಲಿಗಳು ಎನ್ನೋಣ. ಗಡುವು 10:15. ಕಾರ್ಯಕ್ರಮ 10:15ಕ್ಕೆ ಸರಿಯಾಗಿ ಏಳದೆ 10:13ಕ್ಕೆ, ಮತ್ತೆ 10:18ಕ್ಕೆ ಏಳುವಂತೆ ಹೊಂದಿಕೆಯಾಗಿದೆ. 10:16ಕ್ಕೆ ಇನ್ನೊಬ್ಬಳು ಬಾಗಿಲ ಬಳಿ ಬರುತ್ತಾಳೆ, ಇವಳು ಎರಡನೆಯವಳು. ಮೊಬೈಲಿನ ನಕ್ಷೆ ಗಡಿಯಾರ ನೋಡಿ ಬಣ್ಣ ಹಚ್ಚುವಂತಿದ್ದರೆ 27 ಹಸಿರಾಗಿ, ಅಂದರೆ ಖಾಲಿ ಎಂದು ತೋರುತ್ತದೆ. ಅವಳು ಒತ್ತುತ್ತಾಳೆ. ದತ್ತಸಂಚಯದಲ್ಲಿ ಮೊದಲಿಗಳ ಬುಕಿಂಗ್ ಇನ್ನೂ ಜೀವಂತವಿರುವುದರಿಂದ ‘ಸೀಟು ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ನಕ್ಷೆ ದತ್ತಸಂಚಯವನ್ನು ನೋಡಿ ಬಣ್ಣ ಹಚ್ಚುವಂತಿದ್ದರೆ ಸೀಟು ಇನ್ನೂ ಕೆಂಪಾಗಿಯೇ ಇರುತ್ತದೆ. ಅವಳು ತಿರುಗಿ ಹೋಗುತ್ತಾಳೆ. 10:18ಕ್ಕೆ ಕಾರ್ಯಕ್ರಮ ಎದ್ದು 27ನ್ನು ಬಿಡಿಸುತ್ತದೆ. ಆಗ ಅದನ್ನು ಕೇಳುವವರು ಯಾರೂ ಇಲ್ಲ. 10:22ಕ್ಕೆ ಮೊದಲಿಗಳು ಓಡೋಡಿ ಬರುತ್ತಾಳೆ. ಸೀಟು ಖಾಲಿಯೇ ಇದೆ, ಆದರೆ ಅದು ಅವಳದಲ್ಲ.

ಇಷ್ಟರಲ್ಲಿ ವ್ಯವಸ್ಥೆ ಬೇಕಿದ್ದವಳಿಗೆ ಸೀಟು ಕೊಡಲಿಲ್ಲ, ಕಾದಿರಿಸಿದವಳಿಂದ ಕಾರಣವಿಲ್ಲದೆ ಕಿತ್ತುಕೊಂಡಿತು. ಕಾರ್ಯಕ್ರಮವನ್ನು ಪ್ರತಿ ನಿಮಿಷಕ್ಕೆ ಎಬ್ಬಿಸಿದರೆ ಮೊದಲ ದೋಷ ಕುಗ್ಗುತ್ತದೆ. ಎರಡನೆಯದು ಹಾಗೆಯೇ ಉಳಿಯುತ್ತದೆ. ಯಾರಿಗೂ ಬೇಡದ ಹೊತ್ತಿನಲ್ಲಿ ಸೀಟನ್ನು ಬಿಡಿಸುವುದರಿಂದ ಯಾರಿಗೂ ಲಾಭವಿಲ್ಲ ಎಂಬ ಸಂಗತಿಯನ್ನು ಗಡಿಯಾರ ಕಾಣಲಾರದು.

5. ಮುಂದಿನ ಓದುಗರು ಬಿಡಿಸುವ ಸೀಟು

ಪರ್ಯಾಯ ಹೀಗಿದೆ. ಗಡುವು ಮೀರಿದ ಸೀಟು ಬಿಡುಗಡೆಯಾಗುವುದಿಲ್ಲ, ‘ಕೇಳಬಹುದಾದ’ ಸೀಟಾಗುತ್ತದೆ. ಕಾದಿರಿಸಿದವರು ಯಾರೂ ಕೇಳುವ ಮೊದಲು ಬಂದರೆ ತಡವಾದರೂ ಕೂರಬಹುದು. ಅವರಿಗಿಂತ ಮೊದಲು ಬೇರೊಬ್ಬರು ಬಂದು ಕೇಳಿದರೆ ಆ ಕೇಳುವಿಕೆಯೇ ಹಳೆಯ ಬುಕಿಂಗನ್ನು ಮುಗಿಸಿ ಹೊಸದನ್ನು ಬರೆಯುತ್ತದೆ. ನಡುವೆ ಯಾವ ಅಲಾರಾಂ ಬೇಕಿಲ್ಲ.

ಇದನ್ನು ದತ್ತಸಂಚಯದಲ್ಲಿ ಕಟ್ಟುವಾಗ ಒಂದು ತಳಪಾಯ ಗಟ್ಟಿಯಾಗಿರಬೇಕು: ಒಂದೇ ಸೀಟು ಒಂದೇ ಹೊತ್ತಿಗೆ ಇಬ್ಬರ ಹೆಸರಿನಲ್ಲಿ ಇರಕೂಡದು. ‘ಮೊದಲು ಹುಡುಕು, ಇಲ್ಲವಾದರೆ ಬರೆ’ ಎಂಬ ಕ್ರಮ ಇದಕ್ಕೆ ಸಾಲದು. ಇಬ್ಬರು ಒಂದೇ ಕ್ಷಣದಲ್ಲಿ ಹುಡುಕಿದರೆ ಇಬ್ಬರಿಗೂ ಸೀಟು ಖಾಲಿ ಕಾಣುತ್ತದೆ, ಇಬ್ಬರೂ ಬರೆಯುತ್ತಾರೆ. ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ಇದಕ್ಕೆ ನೇರವಾದ ಸಾಧನವಿದೆ. 2010ರ 9.0 ಆವೃತ್ತಿಯಲ್ಲಿ ಬಂದ ಬಹಿಷ್ಕಾರ ನಿರ್ಬಂಧವನ್ನೂ 2012ರ 9.2 ಆವೃತ್ತಿಯಲ್ಲಿ ಬಂದ ಅವಧಿ ಮಾದರಿಯನ್ನೂ ಸೇರಿಸಿದರೆ, ಒಂದೇ ಸೀಟಿನ ಎರಡು ಅವಧಿಗಳು ಒಂದರ ಮೇಲೊಂದು ಬೀಳದಂತೆ ದತ್ತಸಂಚಯವೇ ತಡೆಯುತ್ತದೆ.

```sql
CREATE EXTENSION btree_gist;

ALTER TABLE booking ADD CONSTRAINT no_clash
EXCLUDE USING gist (seat_id WITH =, during WITH &&)
WHERE (state IN ('held', 'in'));
```

ಇಲ್ಲಿ `held` ಎಂದರೆ ಕಾದಿರಿಸಿದ್ದು, `in` ಎಂದರೆ ಬಂದು ಕೂತದ್ದು. ಅವಧಿಯ ಆರಂಭ ಒಳಗೆ, ಅಂತ್ಯ ಹೊರಗೆ ಎಂದು ಎಣಿಕೆಯಾಗುವುದರಿಂದ 10ರಿಂದ 1ರ ಬುಕಿಂಗೂ 1ರಿಂದ 4ರ ಬುಕಿಂಗೂ ತಾಗುವುದಿಲ್ಲ.

ಈ ನಿರ್ಬಂಧದೊಳಕ್ಕೆ ‘ಗಡುವು ಮೀರಿರದಿದ್ದರೆ ಮಾತ್ರ’ ಎಂಬ ಷರತ್ತನ್ನೂ ಸೇರಿಸಿಬಿಡೋಣ ಎನ್ನಿಸುವುದು ಸಹಜ. ಅದು ಸಾಧ್ಯವಿಲ್ಲ. ನಿರ್ಬಂಧ ನಿಂತಿರುವುದು ಸೂಚಿಯ ಮೇಲೆ. ಹೊತ್ತು ಸರಿದಂತೆ ಉತ್ತರ ಬದಲಾಗುವ `now()` ಇರುವ ಷರತ್ತನ್ನು ಸೂಚಿ ಒಪ್ಪುವುದಿಲ್ಲ. ಹಾಗಾಗಿ ಗಡುವು ಮೀರಿದ `held` ಸಾಲು, ಯಾರಾದರೂ ಅದರ ಸ್ಥಿತಿಯನ್ನು ಬದಲಿಸುವವರೆಗೆ ಸೀಟನ್ನು ಹಿಡಿದೇ ಇರುತ್ತದೆ. 27ನೇ ಸೀಟು ಹಸಿರಾಗಿ ಕಂಡರೂ ಬುಕ್ ಆಗದೆ ಹೋದದ್ದು ಇದರಿಂದಲೇ. ಪರಿಹಾರವೂ ಇಲ್ಲಿಂದಲೇ ಹೊಳೆಯುತ್ತದೆ: ಕೇಳುವವರ ಕೋರಿಕೆಯೊಳಗೇ, ಒಂದೇ ವ್ಯವಹಾರದಲ್ಲಿ, ಮೊದಲು ಹಳೆಯದನ್ನು ಬಿಡಿಸಿ ಆಮೇಲೆ ಹೊಸದನ್ನು ಬರೆಯಬೇಕು.

```sql
BEGIN;
UPDATE booking SET state = 'released', released_at = now()
 WHERE seat_id = $1 AND state = 'held'
   AND claimable_at <= now();
INSERT INTO booking (seat_id, member, during, state, checked_in_at)
VALUES ($1, $2, tstzrange(now(), $3), 'in', now());
COMMIT;
```

ಎರಡನೇ ಹೆಜ್ಜೆ ಸೋತರೆ ಮೊದಲನೆಯದೂ ಹಿಂದಕ್ಕೆ ಸರಿಯುತ್ತದೆ; ಮೊದಲಿಗಳು ಸುಮ್ಮನೆ ಸೀಟು ಕಳೆದುಕೊಳ್ಳುವುದಿಲ್ಲ. ಇಬ್ಬರು ಒಟ್ಟಿಗೆ ಕೇಳಿದರೆ ಒಬ್ಬರಿಗೆ ಸಿಗುತ್ತದೆ, ಇನ್ನೊಬ್ಬರಿಗೆ `23P01` ಎಂಬ ದೋಷಸಂಖ್ಯೆ ಬರುತ್ತದೆ. ಅದನ್ನು ಹಾಗೆಯೇ ತೋರಿಸದೆ, ಈ ಸೀಟು ಈಗತಾನೇ ಹೋಯಿತು ಎಂದು ತಿಳಿಸಿ ಹತ್ತಿರದ ಇನ್ನೊಂದನ್ನು ತೋರಿಸಬೇಕು.

ಕಾದಿರಿಸಿದವರ ಚೆಕ್-ಇನ್ ಇನ್ನೂ ಸರಳವಾಗುತ್ತದೆ. ಅದರಲ್ಲಿ ಗಡುವಿನ ಮಾತೇ ಇಲ್ಲ.

```sql
UPDATE booking SET state = 'in', checked_in_at = now()
 WHERE id = $1 AND state = 'held' AND now() < upper(during);
```

ಒಂದು ಸಾಲು ಬದಲಾಯಿತು ಎಂದು ಉತ್ತರ ಬಂದರೆ ಸೀಟು ಅವರದು, ಸೊನ್ನೆ ಎಂದು ಬಂದರೆ ಬೇರೆಯವರು ಕೇಳಿಯಾಗಿದೆ ಅಥವಾ ಅವಧಿ ಮುಗಿದಿದೆ. ಮೊದಲಿಗಳ ಸ್ಕ್ಯಾನೂ ಎರಡನೆಯವಳ ಕೋರಿಕೆಯೂ ಒಂದೇ ಕ್ಷಣದಲ್ಲಿ ಬಂದರೆ ಎರಡೂ ಒಂದೇ ಸಾಲನ್ನು ಬದಲಿಸಲು ಹೊರಡುತ್ತವೆ. ಪೋಸ್ಟ್‌ಗ್ರೆಸ್ ಒಬ್ಬರನ್ನು ಮುಂದೆ ಬಿಟ್ಟು ಇನ್ನೊಬ್ಬರನ್ನು ಕಾಯಿಸುತ್ತದೆ. ಕಾದವರ ಸರದಿ ಬಂದಾಗ ಷರತ್ತನ್ನು ಹೊಸ ಸ್ಥಿತಿಗೆ ಮತ್ತೆ ಹಚ್ಚಿ ನೋಡುತ್ತದೆ. ಇಬ್ಬರಿಗೂ ‘ಸಿಕ್ಕಿತು’ ಎಂಬ ಉತ್ತರ ಹೋಗಲು ಸಾಧ್ಯವಿಲ್ಲ.

ಇದೇ ಬೆಳಿಗ್ಗೆಯನ್ನು ಹೊಸ ಕ್ರಮದಲ್ಲಿ ನೋಡೋಣ. 10:16ಕ್ಕೆ ಎರಡನೆಯವಳು 27ನೇ ಸೀಟಿನ ಮುಂದೆ ನಿಂತು ಸ್ಕ್ಯಾನ್ ಮಾಡುತ್ತಾಳೆ. ಅದೇ ಗಳಿಗೆ ಸೀಟು ಅವಳದಾಗುತ್ತದೆ. 10:22ಕ್ಕೆ ಬಂದ ಮೊದಲಿಗಳಿಗೆ ‘ನಿಮ್ಮ ಸೀಟು 10:16ಕ್ಕೆ ಬೇರೆಯವರಿಗೆ ಹೋಗಿದೆ, 41 ಕೇಳಬಹುದಾಗಿದೆ’ ಎಂಬ ಸಂದೇಶ ಸಿಗುತ್ತದೆ. ಹೊತ್ತನ್ನು ಹೇಳುವುದು ಮುಖ್ಯ, ಕೌಂಟರಿನಲ್ಲಿ ನಡೆಯುವ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ. ಎರಡನೆಯವಳು ಅಂದು ಬಾರದೇ ಇದ್ದಿದ್ದರೆ ಮೊದಲಿಗಳು ತನ್ನ ಸೀಟಿನಲ್ಲೇ ಕೂರುತ್ತಿದ್ದಳು.

6. ಕೇಳುವವರು ಎಲ್ಲಿರಬೇಕು

ಮೇಲಿನ ಕೋರಿಕೆಯಲ್ಲಿ ಹೊಸ ಬುಕಿಂಗ್ ನೇರವಾಗಿ `in` ಎಂದೇ ದಾಖಲಾಗಿರುವುದನ್ನು ಗಮನಿಸಬೇಕು. ಗಡುವು ಮೀರಿದ ಸೀಟನ್ನು ದೂರದಿಂದ ಕಾದಿರಿಸಲು ಬಿಟ್ಟರೆ ಸರಪಣಿ ಶುರುವಾಗುತ್ತದೆ. ಕಾಯುವ ಪಟ್ಟಿಯ ಮೊದಲಿನವರು ಹಾಸ್ಟೆಲಿನಲ್ಲಿರುತ್ತಾರೆ, ಅವರಿಗೆ 10 ನಿಮಿಷ ಕೊಡುತ್ತೇವೆ. ಅವರು ಬರುವುದಿಲ್ಲ, ಎರಡನೆಯವರಿಗೆ 10 ನಿಮಿಷ. ಮೂರು ಜನ ಹೀಗೆ ಕಳೆದರೆ ಮೊದಲ ಗಡುವಿನ 15 ನಿಮಿಷವೂ ಸೇರಿ ಮುಕ್ಕಾಲು ಗಂಟೆ ಕುರ್ಚಿ ಖಾಲಿ. ಆ ಹೊತ್ತೆಲ್ಲ ಅದರ ಪಕ್ಕದಲ್ಲೇ ನಿಂತವರು ಕೂರುವಂತಿಲ್ಲ. ಕೇಳುವುದು ಮತ್ತು ಕೂರುವುದು ಒಂದೇ ಕ್ರಿಯೆಯಾದರೆ ಈ ಸರಪಣಿಗೆ ಜಾಗವಿಲ್ಲ. ಪಟ್ಟಿಯಲ್ಲಿದ್ದವರಿಗೆ ಸೂಚನೆ ಕಳಿಸಬಹುದು, ಸೀಟು ಮಾತ್ರ ಮೊದಲು ಬಂದು ಸ್ಕ್ಯಾನ್ ಮಾಡಿದವರಿಗೆ.

ಬಂದಿದ್ದಾರೆ ಎಂಬುದಕ್ಕೆ ಸಾಕ್ಷಿ ಏನು? ಮೇಜಿಗೆ ಅಂಟಿಸಿದ ಕ್ಯೂಆರ್ ಸಂಕೇತವೊಂದೇ ಸಾಲದು. ಯಾರಾದರೂ ಅದರ ಫೋಟೊ ತೆಗೆದು ಗೆಳೆಯರ ಗುಂಪಿಗೆ ಹಾಕಿದರೆ ಹಾಸಿಗೆಯಲ್ಲಿ ಮಲಗಿದ್ದವರೂ ಚೆಕ್-ಇನ್ ಮಾಡಬಹುದು. ಹಲವು ಕಾಲೇಜು ಗ್ರಂಥಾಲಯಗಳ ಬಾಗಿಲಲ್ಲಿ ಐಡಿ ಕಾರ್ಡಿನ ಬಾರ್‌ಕೋಡ್ ಓದಿಸಿ ಒಳಬರುವ, ಹೊರಹೋಗುವ ದಾಖಲೆ ಮಾಡುವ ವ್ಯವಸ್ಥೆ ಈಗಾಗಲೇ ಇದೆ. ಕೋಹಾ ತಂತ್ರಾಂಶ ಬಳಸುವ ಗ್ರಂಥಾಲಯದಲ್ಲಿ `borrowers` ಕೋಷ್ಟಕದ `cardnumber` ಇದಕ್ಕೆ ಬೇಕಾದ ಕೊಂಡಿ. ಅದೇ ಸಂಖ್ಯೆ ಬಾಗಿಲ ದಾಖಲೆಯಲ್ಲೂ ಸೀಟು ವ್ಯವಸ್ಥೆಯಲ್ಲೂ ಇದ್ದರೆ, ಬಾಗಿಲಲ್ಲಿ ಒಳಬಂದ ಗುರುತಿರುವವರ ಸ್ಕ್ಯಾನನ್ನು ಮಾತ್ರ ಒಪ್ಪಬಹುದು. ಅವರು ಬಾಗಿಲಲ್ಲಿ ಹೊರಹೋದ ಗುರುತು ಬಿದ್ದು ಸ್ವಲ್ಪ ಹೊತ್ತಾದರೆ, ಊಟಕ್ಕೋ ಚಹಾಕ್ಕೋ ಹೋಗಿ ಬರುವಷ್ಟು ಬಿಡುವು ಕೊಟ್ಟು, ಸೀಟನ್ನು ಮತ್ತೆ ಕೇಳಬಹುದಾದ ಸ್ಥಿತಿಗೆ ತರಬಹುದು.

ಅಂಗವಿಕಲ ಓದುಗರಿಗೆಂದು ಗುರುತಿಸಿದ ಸೀಟುಗಳಿಗೆ ಈ ನಿಯಮ ಹಾಗೆಯೇ ಅನ್ವಯಿಸಬಾರದು. ಉಳಿದವರು 27 ಹೋದರೆ 41ಕ್ಕೆ ಹೋಗಬಲ್ಲರು. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೇಜಿನ ಎತ್ತರ ಹೊಂದುವ, ದಾರಿ ಅಗಲವಿರುವ ಆ ಒಂದು ಸೀಟಿಗೆ ಬದಲಿ ಇರುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಮಂಜಸ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಅಂಥ ಸೀಟಿಗೆ ದೀರ್ಘವಾದ ಗಡುವಿಟ್ಟು, ಬಿಡಿಸುವ ಮೊದಲು ಗ್ರಂಥಾಲಯದ ಸಿಬ್ಬಂದಿ ಫೋನ್ ಮಾಡಿ ಕೇಳುವುದು ಸರಿಯಾದ ಕ್ರಮ.

7. ಕರೆಂಟ್ ಹೋದಾಗ

ಸರ್ವರ್ ಕಾಲೇಜಿನೊಳಗೇ ಇದ್ದು 9:55ಕ್ಕೆ ಕರೆಂಟ್ ಹೋಗಿ 10:25ಕ್ಕೆ ಬಂದರೆ ಏನಾಗುತ್ತದೆ? ಬಂದು ಕೂತವರಲ್ಲಿ ಯಾರಿಗೂ ಚೆಕ್-ಇನ್ ಮಾಡಲು ಆಗಿಲ್ಲ. ಗಡಿಯಾರ ಬಿಡಿಸುವ ವ್ಯವಸ್ಥೆಯಾದರೆ ಸರ್ವರ್ ಎದ್ದ ಮೊದಲ ನಿಮಿಷದಲ್ಲಿ ಇಡೀ ಕೊಠಡಿಯನ್ನು ಬಿಡಿಸಿಬಿಡುತ್ತದೆ. ಮುಂದಿನ ಓದುಗರು ಬಿಡಿಸುವ ವ್ಯವಸ್ಥೆಯಲ್ಲಿ ಪೆಟ್ಟು ಕಡಿಮೆ, ಆದರೆ ಇಲ್ಲವೆಂದಲ್ಲ: ಕೂತವರ ಸೀಟನ್ನೇ ಯಾರಾದರೂ ಸ್ಕ್ಯಾನ್ ಮಾಡಿ ಕೇಳಬಹುದು. ಇದಕ್ಕೆ ಸರ್ವರ್ ಪ್ರತಿ ನಿಮಿಷ ‘ನಾನಿದ್ದೇನೆ’ ಎಂದು ಹೊತ್ತನ್ನು ಒಂದು ಕಡೆ ಬರೆಯುತ್ತಿರಬೇಕು. ಮತ್ತೆ ಎದ್ದಾಗ, ಯಾವ ಕೋರಿಕೆಯನ್ನೂ ತೆಗೆದುಕೊಳ್ಳುವ ಮೊದಲು, ಕೊನೆಯ ಗುರುತಿಗೂ ಈಗಿನ ಹೊತ್ತಿಗೂ ಎಷ್ಟು ಅಂತರವಿದೆ ಎಂದು ನೋಡಬೇಕು. ಆ ಅಂತರದಲ್ಲಿ ಗಡುವು ಬಿದ್ದಿದ್ದ ಎಲ್ಲ ಬುಕಿಂಗ್‌ಗಳಿಗೂ ಈಗಿನಿಂದ ಹೊಸದಾಗಿ 15 ನಿಮಿಷ ಕೊಡಬೇಕು. ವೈಫೈ ಮಾತ್ರ ಹೋಗಿ ಸರ್ವರ್ ನಡೆಯುತ್ತಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ಅದಕ್ಕೆ ಗ್ರಂಥಪಾಲಕರ ಪರದೆಯಲ್ಲಿ ‘ಎಲ್ಲರ ಗಡುವು ಮುಂದೂಡು’ ಎಂಬ ಒಂದು ಗುಂಡಿ ಇರಲೇಬೇಕು.

8. ಸರಿಯಿದೆಯೇ ಎಂದು ತಿಳಿಯುವುದು ಹೇಗೆ

ಮೂರು ಅಳತೆಗಳು ಸಾಕು. ಮೊದಲನೆಯದು ತಲೆ ಎಣಿಕೆ. ದಿನಕ್ಕೆ ಎರಡು ಬಾರಿ, ಹೇಳದೇ, ಸಿಬ್ಬಂದಿಯೊಬ್ಬರು ಕೊಠಡಿ ಸುತ್ತಿ ಕೂತವರನ್ನು ಎಣಿಸಿ, ಅದೇ ನಿಮಿಷದ `in` ಸಂಖ್ಯೆಯ ಜೊತೆ ಹೋಲಿಸಬೇಕು. ದಾಖಲೆಯಲ್ಲಿ ಹೆಚ್ಚು, ಕೊಠಡಿಯಲ್ಲಿ ಕಡಿಮೆ ಇದ್ದರೆ ಜನ ಚೆಕ್-ಇನ್ ಮಾಡಿ ಎದ್ದು ಹೋಗುತ್ತಿದ್ದಾರೆ ಅಥವಾ ದೂರದಿಂದ ಮಾಡುತ್ತಿದ್ದಾರೆ. ಕೊಠಡಿಯಲ್ಲೇ ಹೆಚ್ಚಿದ್ದರೆ ಚೆಕ್-ಇನ್ ಕಷ್ಟವಾಗಿದೆ, ಜನ ಅದನ್ನು ಬಿಟ್ಟೇ ಕೂರುತ್ತಿದ್ದಾರೆ.

ಎರಡನೆಯದು, ಕೇಳಬಹುದಾದ ಸೀಟುಗಳಲ್ಲಿ ಎಷ್ಟನ್ನು ನಿಜವಾಗಿ ಕೇಳಲಾಯಿತು, ಎಷ್ಟು ಬೇಗ ಎಂಬುದು. ಗಡುವು ಮೀರಿದ ಎರಡು ಮೂರು ನಿಮಿಷದಲ್ಲೇ ಬಹುಪಾಲು ಹೋಗುತ್ತಿದ್ದರೆ ಹೊರಗೆ ಜನ ಕಾಯುತ್ತಿದ್ದಾರೆ, ಗಡುವನ್ನು ಕುಗ್ಗಿಸುವ ಬಗ್ಗೆ ಯೋಚಿಸಬಹುದು. ಗಂಟೆಯಾದರೂ ಯಾರೂ ಕೇಳದಿದ್ದರೆ ಎರಡು ಕಾರಣಗಳಿರಬಹುದು: ಬೇಡಿಕೆಯೇ ಇಲ್ಲ, ಅಥವಾ ಸೀಟು ಸಿಗುತ್ತದೆಂದು ಜನಕ್ಕೆ ಕಾಣುತ್ತಿಲ್ಲ. ಬಾಗಿಲ ಬಳಿ ಕೇಳಬಹುದಾದ ಸೀಟುಗಳ ಸಂಖ್ಯೆಯನ್ನು ದೊಡ್ಡದಾಗಿ ತೋರಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಮೂರನೆಯದು, ತಡವಾಗಿ ಬಂದು ಸೀಟು ಕಳೆದುಕೊಂಡವರ ಸಂಖ್ಯೆ ಮತ್ತು ಅವರು ತಡವಾದ ನಿಮಿಷಗಳು. ಎರಡನೇ ಭಾಗದ ಲೆಕ್ಕವನ್ನು ಪ್ರತಿ ಸೆಮಿಸ್ಟರಿನಲ್ಲಿ ಹೊಸದಾಗಿ ಮಾಡಲು ಬೇಕಾದದ್ದು ಇದೇ. ದಂಡವೋ ನಿರ್ಬಂಧವೋ ವಿಧಿಸುವ ಕಾಲೇಜು ಇವರನ್ನು ಬಾರದವರ ಜೊತೆ ಸೇರಿಸಬಾರದು. ಅವಧಿ ಪೂರ್ತಿ ಮುಗಿದರೂ ಬಾರದೆ, ರದ್ದೂ ಮಾಡದೆ ಇದ್ದವರು ಮಾತ್ರ ಗೈರು.

9. ಮಿತಿಗಳು

ಈ ಕ್ರಮಕ್ಕೆ ನಾನು ಕಾಣುವ ಮುಖ್ಯ ಆಕ್ಷೇಪ ಒಂದಿದೆ. ಯಾರೂ ಕೇಳದಿದ್ದರೆ ತಡವಾದರೂ ಸೀಟು ಸಿಗುತ್ತದೆಂದು ತಿಳಿದವರು ಹೊತ್ತಿಗೆ ಬರುವುದನ್ನೇ ಬಿಡಬಹುದು. ಸೆಮಿಸ್ಟರಿನ ಆರಂಭದಲ್ಲಿ ಹಾಗೆ ಆಗುವುದರಿಂದ ಯಾರಿಗೂ ನಷ್ಟವಿಲ್ಲ, ಆದರೆ ಆ ಅಭ್ಯಾಸ ಪರೀಕ್ಷೆಯ ದಿನಗಳವರೆಗೂ ಉಳಿದರೆ ಸೀಟು ಕಳೆದುಕೊಳ್ಳುವವರು ಹೆಚ್ಚುತ್ತಾರೆ. ಪರೀಕ್ಷೆಗೆ ಎರಡು ವಾರ ಮುಂಚೆಯೇ ಎಲ್ಲರಿಗೂ ಅವರವರ ಬಂದ ಹೊತ್ತಿನ ದಾಖಲೆ ತೋರಿಸಿ ಎಚ್ಚರಿಸುವುದು ಉಪಯುಕ್ತ.

ಇನ್ನೊಂದು ಮಿತಿ ಮೇಜಿಗೆ ಸೇರಿದ್ದು. ದಾಖಲೆಯಲ್ಲಿ ಸೀಟು ಕೈ ಬದಲಾದರೂ ಮೇಜಿನ ಮೇಲೆ ಹಿಂದಿನವರ ಚೀಲವಿದ್ದರೆ ಹೊಸಬರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ, ಹಿಂಜರಿಯುವುದು ಸರಿಯೂ ಹೌದು. ಅದನ್ನು ಎತ್ತಿ ಕೌಂಟರಿನಲ್ಲಿ ಇಡುವ ಅಧಿಕಾರ ಯಾರದು, ಕಳೆದುಹೋದರೆ ಹೊಣೆ ಯಾರದು ಎಂದು ಕಾಲೇಜು ಮೊದಲೇ ಬರೆದು ಗೋಡೆಗೆ ಹಾಕಬೇಕು. ಸಿಬ್ಬಂದಿಯಿಲ್ಲದ ರಾತ್ರಿಯ ಹೊತ್ತಿನಲ್ಲಿ ಈ ಕೆಲಸಕ್ಕೆ ಯಾರೂ ಇಲ್ಲದಿದ್ದರೆ ಆ ಅವಧಿಗೆ ಬುಕಿಂಗ್ ತೆರೆಯದೆ, ಮೊದಲು ಬಂದವರು ಕೂರಲಿ ಎಂದು ಬಿಡುವುದೇ ಹೆಚ್ಚು ನ್ಯಾಯ.

ಹೊಸದಾಗಿ ವ್ಯವಸ್ಥೆ ತರುವ ಕಾಲೇಜಿಗೆ ನನ್ನ ಸಲಹೆಯ ಕ್ರಮ ಇಷ್ಟು: ಮೊದಲು ಬಾಗಿಲ ದಾಖಲೆ ಮತ್ತು ಸೀಟಿನ ದಾಖಲೆಯನ್ನು ಒಂದೇ ಕಾರ್ಡ್ ಸಂಖ್ಯೆಗೆ ಕಟ್ಟಿ, ಕೆಲವು ವಾರ ಗಡುವಿಲ್ಲದೆ ಬಂದ ಹೊತ್ತನ್ನು ಮಾತ್ರ ಬರೆಯಿರಿ, ಆ ದಾಖಲೆಯಿಂದ ಅವಧಿಗೊಂದು ಗಡುವು ಲೆಕ್ಕ ಹಾಕಿ, ಬಿಡುಗಡೆಯನ್ನು ಮುಂದಿನ ಓದುಗರ ಕೋರಿಕೆಯೊಳಗೇ ಇಡಿ. ಈ ನಾಲ್ಕರಲ್ಲಿ ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ, ಗಡುವು ಮೀರಿ ಬಂದವರ ಪ್ರಯತ್ನವನ್ನೂ ಬರೆದಿಡದ ಹೊರತು, ಆಮೇಲೆ ಎಷ್ಟು ದಾಖಲೆ ಸೇರಿಸಿದರೂ ಗಡುವು ಸರಿಯಾದದ್ದೇ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ.